ಕಂಪನಿಯ ಕ್ಷಮಾಪಣೆ ಪತ್ರ ತಯಾರಾಗುವ ಬಗೆ

2024ರ ಜೂನ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ದಂಪತಿ ಅಮೆಜಾನ್‌ನಿಂದ ವಿಡಿಯೊ ಗೇಮ್ ಆಡುವ ಕಂಟ್ರೋಲರ್ ಒಂದನ್ನು ತರಿಸಿಕೊಂಡರು. ಮನೆ ಬಾಗಿಲಿಗೆ ಬಂದ ಪೊಟ್ಟಣದ ಅಂಟುಪಟ್ಟಿಗೆ ಜೀವಂತ ನಾಗರಹಾವೊಂದು ಅಂಟಿಕೊಂಡು ಒದ್ದಾಡುತ್ತಿತ್ತು. ಅವರು ತೆಗೆದ ವಿಡಿಯೊ ಒಂದೆರಡು ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಕಂಪನಿಯ ಸಾರ್ವಜನಿಕ ಉತ್ತರವೂ ಬಂತು. ನಿಮ್ಮ ಆರ್ಡರ್‌ನಿಂದಾದ ಅನಾನುಕೂಲ ತಿಳಿದು ವಿಷಾದವಾಯಿತು, ಇದನ್ನು ಪರಿಶೀಲಿಸುತ್ತೇವೆ, ಬೇಕಾದ ವಿವರಗಳನ್ನು ಕೊಡಿ, ನಮ್ಮ ತಂಡ ಬೇಗ ನಿಮ್ಮನ್ನು ಸಂಪರ್ಕಿಸುತ್ತದೆ ಎಂಬುದು ಅದರ ತಾತ್ಪರ್ಯ.

ಈ ಉತ್ತರದಲ್ಲಿ ಹಾವಿನ ಮಾತೇ ಇಲ್ಲ. ಎರಡು ದಿನ ತಡವಾಗಿ ಬಂದ ಪುಸ್ತಕಕ್ಕೂ, ಅಳತೆ ತಪ್ಪಿದ ಚಪ್ಪಲಿಗೂ ಇದನ್ನೇ ಕಳಿಸಬಹುದಿತ್ತು. ಏಕೆಂದರೆ ಇಂಥ ಉತ್ತರಗಳು ದೂರು ಬರುವ ಮೊದಲೇ ಸಿದ್ಧವಾಗಿರುತ್ತವೆ. ದಿನಕ್ಕೆ ಸಾವಿರಗಟ್ಟಲೆ ದೂರು ನೋಡುವ ಸಿಬ್ಬಂದಿಗೆ ಅವನ್ನು ಅಂಟಿಸುವುದಷ್ಟೇ ಕೆಲಸ. ದೂರು ನಿಜವಾಗಿ ಹೊತ್ತಿಕೊಂಡಿದೆ ಎಂದು ಕಂಪನಿಗೆ ಅರಿವಾಗುವುದು ಆಮೇಲೆ. ಆಗ ಪತ್ರಿಕೆಗಳಿಂದ ಫೋನು ಬರತೊಡಗುತ್ತದೆ, ಊರೂರಿನ ಡೀಲರುಗಳು ಗಾಬರಿಯಾಗುತ್ತಾರೆ, ಕಡತ ಮಾರ್ಕೆಟಿಂಗ್ ಮ್ಯಾನೇಜರ್ ಮೇಜಿಗೆ ಬರುತ್ತದೆ. ಎರಡನೆಯ ಉತ್ತರದ ಕರಡು ಬರೆಯುವವರು ಅವರೇ. ಗ್ರಾಹಕರು ಕೊನೆಗೂ ನೆನಪಿಟ್ಟುಕೊಳ್ಳುವುದು ಆ ಎರಡನೆಯದನ್ನು.

ಆ ಕರಡು ಒಬ್ಬರ ಬರವಣಿಗೆಯಾಗಿ ಉಳಿಯುವುದು ಅಪರೂಪ. ಮ್ಯಾನೇಜರ್ ಬರೆದದ್ದು ಮೊದಲು ಗುಣಮಟ್ಟ ವಿಭಾಗಕ್ಕೆ ಹೋಗುತ್ತದೆ. ‘ದೋಷ’ ಎಂದು ಬರೆದದ್ದನ್ನು ಅವರು ‘ಆಪಾದಿತ ದೋಷ’ ಎಂದು ತಿದ್ದುತ್ತಾರೆ. ಬಳಿಕ ಕಾನೂನು ವಿಭಾಗದವರು ‘ಕ್ಷಮಿಸಿ’ ಎಂಬುದನ್ನು ತೆಗೆದು ‘ವಿಷಾದಿಸುತ್ತೇವೆ’ ಎಂದು ಹಾಕುತ್ತಾರೆ. ಬದಲಿ ಕೊಡುತ್ತೇವೆ ಎಂಬ ವಾಕ್ಯವಿದ್ದರೆ ಹಣಕಾಸು ವಿಭಾಗ ಅದರ ಮುಂದೆ ‘ಅರ್ಹ ಪ್ರಕರಣಗಳಲ್ಲಿ’ ಎಂದು ಸೇರಿಸುತ್ತದೆ. ಒಬ್ಬೊಬ್ಬರ ತಿದ್ದುಪಡಿಯೂ ಅವರವರ ಮಟ್ಟಿಗೆ ಸರಿಯೇ. ಎಲ್ಲವೂ ಸೇರಿದಾಗ ಮಾತ್ರ ಪತ್ರದಲ್ಲಿ ಗ್ರಾಹಕನೇ ಇರುವುದಿಲ್ಲ. ಈ ತಿದ್ದುಪಡಿಗಳಲ್ಲಿ ಯಾವುದು ನಿರಪಾಯ, ಯಾವುದು ಕಂಪನಿಯನ್ನೇ ಮುಳುಗಿಸಬಹುದು ಎಂದು ತಿಳಿಯಲು ಮೂವತ್ತು ವರ್ಷ ಹಿಂದಿನ ಒಂದು ಪ್ರಸಂಗದಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಒಂದೇ ದೋಷಕ್ಕೆ ಒಂದೇ ಕಂಪನಿ ಮೂರು ವಾರಕ್ಕೂ ತುಸು ಹೆಚ್ಚಿನ ಅಂತರದಲ್ಲಿ ಎರಡು ಉತ್ತರ ಕೊಟ್ಟ ಪ್ರಸಂಗ ಅದು. ಮೊದಲನೆಯದು ಸೋತಿತು, ಎರಡನೆಯದು ಗೆದ್ದಿತು.

1994ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ಅವಿಭಾಜ್ಯ ಸಂಖ್ಯೆಗಳ ಮೇಲೆ ದೀರ್ಘ ಲೆಕ್ಕಾಚಾರ ನಡೆಸುತ್ತಿದ್ದ ಅವರಿಗೆ ಒಂದು ಉತ್ತರ ತಾಳೆಯಾಗಲಿಲ್ಲ. ತಮ್ಮ ಪ್ರೋಗ್ರಾಮ್ ಸರಿಯಿದೆಯೇ ನೋಡಿದರು, ಬೇರೆ ಕಂಪ್ಯೂಟರುಗಳಲ್ಲಿ ಅದೇ ಲೆಕ್ಕ ಮಾಡಿಸಿದರು. ತಿಂಗಳುಗಳ ಹುಡುಕಾಟದ ನಂತರ, ತಪ್ಪು ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಚಿಪ್ಪಿನಲ್ಲೇ ಇದೆ ಎಂದು ಖಚಿತವಾಯಿತು. ಅಕ್ಟೋಬರ್ ಕೊನೆಯಲ್ಲಿ ಕಂಪನಿಗೆ ತಿಳಿಸಿದರು. ತೃಪ್ತಿಕರ ಉತ್ತರ ಸಿಗದಿದ್ದಾಗ ಅಕ್ಟೋಬರ್ 30ರಂದು ಕೆಲವು ಪರಿಚಿತರಿಗೆ ಇಮೇಲ್ ಬರೆದು, ನಿಮ್ಮ ಯಂತ್ರಗಳಲ್ಲೂ ಪರೀಕ್ಷಿಸಿ ನೋಡಿ ಎಂದರು. ಆ ಇಮೇಲ್ ಕೈಯಿಂದ ಕೈಗೆ ದಾಟಿ ಜಗತ್ತನ್ನೆಲ್ಲ ಮುಟ್ಟಿತು. ‘ವೈರಲ್’ ಎಂಬ ಮಾತು ಈ ಅರ್ಥದಲ್ಲಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ, ಆದದ್ದು ಅದೇ.

ದೋಷವನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದಿತ್ತು. 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು. ಪೆಂಟಿಯಂ 1.33373 ಎನ್ನುತ್ತಿತ್ತು. ಭಾಗಾಕಾರವನ್ನು ಬೇಗ ಮುಗಿಸಲು ಈ ಚಿಪ್ಪಿನೊಳಗೆ ಒಂದು ಸಿದ್ಧ ಕೋಷ್ಟಕವಿತ್ತು, ಮಕ್ಕಳು ಲೆಕ್ಕಕ್ಕೆ ಮಗ್ಗಿ ಪುಸ್ತಕ ನೋಡಿಕೊಳ್ಳುವ ಹಾಗೆ. ಸಾವಿರಕ್ಕೂ ಹೆಚ್ಚು ಅಂಕಿಗಳಿರಬೇಕಿದ್ದ ಆ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದವು. ಲೆಕ್ಕ ಆ ಐದು ಮನೆಗಳಲ್ಲೊಂದಕ್ಕೆ ಬಂದರೆ ಮಾತ್ರ ಉತ್ತರ ತಪ್ಪುತ್ತಿತ್ತು. ಹಾಗೆ ಬರುವ ಸಾಧ್ಯತೆ ಸುಮಾರು 900 ಕೋಟಿ ಭಾಗಾಕಾರಗಳಲ್ಲಿ ಒಂದು ಎಂದು ಇಂಟೆಲ್ ಲೆಕ್ಕ ಹಾಕಿತು. ಸಾಮಾನ್ಯ ಬಳಕೆದಾರನಿಗೆ ಇದು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದಿತು.

ಲೆಕ್ಕ ಶುದ್ಧವಾಗಿಯೇ ಇತ್ತು, ಅದು ಒಂದು ಊಹೆಯ ಮೇಲೆ ನಿಂತಿತ್ತು ಅಷ್ಟೇ. ಸಾಮಾನ್ಯ ಬಳಕೆದಾರ ದಿನಕ್ಕೆ ಇಷ್ಟೇ ಭಾಗಾಕಾರ ಮಾಡುತ್ತಾನೆ, ಅಂಕಿಗಳು ಎಲ್ಲೆಡೆ ಸಮನಾಗಿ ಹರಡಿರುತ್ತವೆ ಎಂಬುದೇ ಆ ಊಹೆ. ಡಿಸೆಂಬರ್ 12ರಂದು ಐಬಿಎಂ ತನ್ನದೇ ಲೆಕ್ಕ ಮುಂದಿಟ್ಟಿತು: ದಿನಕ್ಕೆ 15 ನಿಮಿಷ ಲೆಕ್ಕಪತ್ರದ ಕೆಲಸ ಮಾಡುವವರಿಗೆ ಈ ತಪ್ಪು 24 ದಿನಕ್ಕೊಮ್ಮೆ ಎದುರಾಗಬಹುದು. ಹಾಗೆಂದು ಪೆಂಟಿಯಂ ಕಂಪ್ಯೂಟರುಗಳ ಸರಬರಾಜನ್ನೇ ನಿಲ್ಲಿಸಿತು. ಐಬಿಎಂಗೆ ಇದರಲ್ಲಿ ಸ್ವಹಿತವೂ ಇತ್ತು, ಇಂಟೆಲ್‌ಗೆ ಎದುರಾಗಿ ನಿಂತ ಬೇರೊಂದು ಚಿಪ್ಪಿನಲ್ಲಿ ಅದು ಪಾಲುದಾರ. ಅದೇನೇ ಇರಲಿ, 27,000 ವರ್ಷ ಎಂದು ಒಬ್ಬರು, 24 ದಿನ ಎಂದು ಇನ್ನೊಬ್ಬರು ಹೇಳಿದಾಗ ಗ್ರಾಹಕ ಎರಡನ್ನೂ ನಂಬಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ, ತನ್ನ ಯಂತ್ರ ಭಾಗಾಕಾರ ತಪ್ಪು ಮಾಡುತ್ತದೆ.

ಇಂಟೆಲ್‌ನ ಮೊದಲ ದೊಡ್ಡ ಸಾರ್ವಜನಿಕ ಉತ್ತರ ನವೆಂಬರ್ 27ರಂದು ಅದರ ಮುಖ್ಯಸ್ಥ ಆಂಡಿ ಗ್ರೋವ್ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಪ್ರಕಟವಾಯಿತು. ಅದನ್ನು ಇವತ್ತು ಓದಿದರೂ ಗೌರವ ಬರುತ್ತದೆ. ಸಿದ್ಧ ವಾಕ್ಯಗಳ ಪತ್ರವಲ್ಲ ಅದು. ನಿಮ್ಮಲ್ಲಿ ಉಂಟಾದ ಆತಂಕಕ್ಕೆ ನಿಜವಾಗಿಯೂ ವಿಷಾದಿಸುತ್ತೇನೆ ಎಂದರು ಗ್ರೋವ್. ನೀವು ಬರೆದದ್ದನ್ನು ಓದಿದ್ದೇನೆ, ನಿಮ್ಮಲ್ಲಿ ಕೆಲವರಿಗೆ ನಮ್ಮ ಮೇಲೆ ಬಹಳ ಸಿಟ್ಟು ಬಂದಿದೆ ಎಂದು ಒಪ್ಪಿಕೊಂಡರು. ದೋಷ ಆ ವರ್ಷದ ಬೇಸಿಗೆಯಲ್ಲೇ ತಮ್ಮ ಪರೀಕ್ಷೆಯಲ್ಲಿ ಕಂಡಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಯಲ್ಲಿ ಪರಿಹಾರ ಹೇಳಿದರು: ಭಾರೀ ವೈಜ್ಞಾನಿಕ ಲೆಕ್ಕಾಚಾರ ಮಾಡುವ ಬಳಕೆದಾರರನ್ನೆಲ್ಲ ಹುಡುಕಿ ಅವರ ಸಮಸ್ಯೆಯನ್ನು ತಕ್ಕ ರೀತಿಯಲ್ಲಿ ಬಗೆಹರಿಸುತ್ತೇವೆ, ಅಗತ್ಯವಿದ್ದರೆ ಚಿಪ್ ಬದಲಿಸುತ್ತೇವೆ. ಫೋನ್ ನಂಬರನ್ನೂ ಕೊಟ್ಟರು.

ಇಷ್ಟೆಲ್ಲ ಇದ್ದೂ ಆ ಉತ್ತರ ಬೆಂಕಿಗೆ ತುಪ್ಪ ಸುರಿಯಿತು. ಕಾರಣ ಕೊನೆಯ ಆ ವಾಕ್ಯ. ‘ಅಗತ್ಯವಿದ್ದರೆ’ ಎಂದು ತೀರ್ಮಾನಿಸುವವರು ಯಾರು? ಇಂಟೆಲ್‌ಗೆ ಫೋನ್ ಮಾಡಿದವರು ತಾವು ಎಂಥ ಕೆಲಸ ಮಾಡುತ್ತೇವೆ, ಎಷ್ಟು ನಿಖರತೆ ಬೇಕು ಎಂದು ವಿವರಿಸಬೇಕಿತ್ತು. ಕಂಪನಿಯ ಸಿಬ್ಬಂದಿಗೆ ಒಪ್ಪಿಗೆಯಾದರೆ ಮಾತ್ರ ಹೊಸ ಚಿಪ್. ಹಣ ಕೊಟ್ಟು ಕೊಂಡವನು, ತನಗೆ ಸರಿಯಾದ ಭಾಗಾಕಾರ ಬೇಕು ಎಂಬುದಕ್ಕೆ ಅರ್ಜಿ ಹಾಕಿಕೊಳ್ಳುವ ಸ್ಥಿತಿ. ಮನೆಯ ಖರ್ಚುವೆಚ್ಚದ ಲೆಕ್ಕ ಇಡುವ ಗೃಹಿಣಿಗೆ ‘ನಿಮಗೆ ಇದೇ ಸಾಕು’ ಎಂದಂತಾಯಿತು. ದೋಷ ಮೊದಲೇ ಗೊತ್ತಿತ್ತು ಎಂಬ ಪ್ರಾಮಾಣಿಕ ಮಾತೂ ಈ ಷರತ್ತಿನ ಪಕ್ಕದಲ್ಲಿ ಬೇರೆಯಾಗಿ ಕೇಳಿಸಿತು. ಗೊತ್ತಿದ್ದೂ ಮಾರಿದರು, ಈಗಲೂ ಬದಲಿ ಕೊಡಲು ನಮ್ಮನ್ನೇ ಪರೀಕ್ಷೆಗೆ ಕೂರಿಸುತ್ತಾರೆ ಎಂದು ಜನ ಓದಿಕೊಂಡರು.

ಇಲ್ಲಿ ಮಾರ್ಕೆಟಿಂಗ್‌ನ ಪಾತ್ರ ದೊಡ್ಡದು. 1991ರವರೆಗೆ ಕಂಪ್ಯೂಟರಿನೊಳಗಿನ ಚಿಪ್ ಯಾರದೆಂದು ಸಾಮಾನ್ಯ ಗ್ರಾಹಕನಿಗೆ ಗೊತ್ತೇ ಇರಲಿಲ್ಲ. ಆ ವರ್ಷ ‘ಇಂಟೆಲ್ ಇನ್‌ಸೈಡ್’ ಪ್ರಚಾರ ಶುರುವಾಯಿತು, ಲಕ್ಷಾಂತರ ಕಂಪ್ಯೂಟರುಗಳ ಮೇಲೆ ಆ ಸ್ಟಿಕ್ಕರ್ ಬಂತು. ಅಲ್ಲಿಯವರೆಗೆ ಇಂಟೆಲ್‌ನ ಗ್ರಾಹಕರೆಂದರೆ ಕಂಪ್ಯೂಟರ್ ಕಂಪನಿಗಳ ಎಂಜಿನಿಯರುಗಳು. ಅವರೊಡನೆ ದೋಷಗಳ ಪಟ್ಟಿ ಹಂಚಿಕೊಂಡು, ಯಾವುದಕ್ಕೆ ಬದಲಿ ಬೇಕು, ಯಾವುದಕ್ಕೆ ಬೇಡ ಎಂದು ಕೂತು ಮಾತಾಡುವುದು ವಾಡಿಕೆ. ನವೆಂಬರ್ 27ರ ಉತ್ತರ ಬರೆದದ್ದು ಆ ವಾಡಿಕೆಯ ದನಿಯಲ್ಲೇ. ಓದಿದವರು ಮಾತ್ರ ಸ್ಟಿಕ್ಕರ್ ನೋಡಿ ಕೊಂಡ ಜನ. ಸಾಮಾನ್ಯರೂ ಹೆಸರು ಹಿಡಿದು ಕೊಳ್ಳುವಂತೆ ಮಾಡಿದ ಕಂಪನಿ, ಅದೇ ಸಾಮಾನ್ಯರು ದೂರಿದಾಗ ಎಂಜಿನಿಯರಿಗೆ ಬರೆಯುವಂತೆ ಬರೆಯಿತು. ಗ್ರೋವ್ 1996ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರವಾಗಿ ಹೇಳಿಕೊಂಡಿದ್ದಾರೆ.

ಡಿಸೆಂಬರ್ 20ರಂದು ಇಂಟೆಲ್ ಪಟ್ಟು ಬಿಟ್ಟಿತು. ಮುಖ್ಯ ಪತ್ರಿಕೆಗಳಲ್ಲಿ ಪೂರ್ಣಪುಟದ ಪತ್ರ ಬಂತು. ಆ ಪತ್ರದ ಮೊದಲ ವಾಕ್ಯವೇ ಕ್ಷಮಾಪಣೆ, ಅದೂ ಚಿಪ್ಪಿನ ದೋಷಕ್ಕಲ್ಲ, ಆ ದೋಷವನ್ನು ತಾವು ನಿಭಾಯಿಸಿದ ರೀತಿಗೆ. ಇದು ತಾಂತ್ರಿಕವಾಗಿ ತೀರಾ ಚಿಕ್ಕ ದೋಷ ಎಂದು ನಾವು ಈಗಲೂ ನಂಬಿದ್ದೇವೆ ಎಂಬ ಮಾತೂ ಪತ್ರದಲ್ಲಿ ಹಾಗೆಯೇ ಇತ್ತು. ಅಂದರೆ ಕಂಪನಿ ತನ್ನ ವಾದ ಬಿಡಲಿಲ್ಲ, ಸುಳ್ಳೂ ಹೇಳಲಿಲ್ಲ. ಬದಲಾದದ್ದು ಪರಿಹಾರದ ವಾಕ್ಯ ಒಂದೇ. ಕೇಳಿದ ಯಾವ ಮಾಲೀಕನಿಗಾದರೂ, ಉಚಿತವಾಗಿ, ಆ ಕಂಪ್ಯೂಟರ್ ಇರುವಷ್ಟು ಕಾಲ ಯಾವಾಗ ಬೇಕಾದರೂ ಚಿಪ್ ಬದಲಿಸಿಕೊಡುತ್ತೇವೆ. ಷರತ್ತಿಲ್ಲ, ಪ್ರಶ್ನೆಯಿಲ್ಲ. ಕೆಳಗೆ ಮೂವರು ಹಿರಿಯ ಮುಖ್ಯಸ್ಥರ ಹೆಸರು, ಒಂದು ಫೋನ್ ನಂಬರ್.

ತೀರ್ಮಾನ ಕಂಪನಿಯ ಕೈಯಿಂದ ಗ್ರಾಹಕನ ಕೈಗೆ ಬಂದದ್ದೇ ತಡ, ಗಲಾಟೆ ತಣ್ಣಗಾಯಿತು. ಇನ್ನೊಂದು ಸಂಗತಿ ಪ್ರತಿ ಮಾರ್ಕೆಟಿಂಗ್ ಮ್ಯಾನೇಜರನಿಗೂ ಗೊತ್ತಿರಬೇಕು. ಬದಲಿಸಿಕೊಡುತ್ತೇವೆ ಎಂದ ಮೇಲೆ ನಿಜವಾಗಿ ಬದಲಿಸಿಕೊಂಡವರು ಮಾಲೀಕರಲ್ಲಿ ಒಂದು ಚಿಕ್ಕ ಪಾಲು ಮಾತ್ರ. ಬೇಕೆಂದಾಗ ಸಿಗುತ್ತದೆ ಎಂಬ ಭರವಸೆ ಸಿಕ್ಕ ಮೇಲೆ ಉಳಿದವರಿಗೆ ಅವಸರವಿರಲಿಲ್ಲ. ಆದರೂ ಹಳೆಯ ದಾಸ್ತಾನು, ಬದಲಿಯ ವೆಚ್ಚ ಎಲ್ಲ ಸೇರಿ ಇಂಟೆಲ್ 47.5 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು.

ಈ ಪಾಠವನ್ನು ನಮ್ಮ ಅಡುಗೆಮನೆಗೆ ತಂದು ನೋಡೋಣ. ಇದು ಕಲ್ಪಿತ ಪ್ರಸಂಗ. ಹುಬ್ಬಳ್ಳಿಯ ಗ್ರಾಹಕಿಯೊಬ್ಬರು ಚಟ್ನಿ ರುಬ್ಬುವಾಗ ಮಿಕ್ಸಿ ಜಾರಿನ ಮುಚ್ಚಳ ಹಾರಿ, ಬೆರಳಿಗೆ ಪೆಟ್ಟಾಗಿದೆ. ಮುರಿದ ಲಾಕನ್ನು ಹತ್ತಿರದಿಂದ ತೋರಿಸಿ ಅವರು ಹಾಕಿದ ವಿಡಿಯೊ ಲಕ್ಷಾಂತರ ಜನರನ್ನು ತಲುಪಿದೆ. ಎಲ್ಲ ವಿಭಾಗಗಳ ತಿದ್ದುಪಡಿ ಮುಗಿದ ಮೇಲೆ ಕರಡು ಹೀಗಿರುತ್ತದೆ: “ಗ್ರಾಹಕರ ಸುರಕ್ಷತೆಗೆ ನಮ್ಮ ಸಂಸ್ಥೆ ಸದಾ ಬದ್ಧ. ಸದರಿ ವಿಡಿಯೊದಲ್ಲಿ ಆಪಾದಿಸಲಾದ ಘಟನೆಗೆ ವಿಷಾದಿಸುತ್ತೇವೆ. ನಮ್ಮ ಉತ್ಪನ್ನಗಳು ಕಟ್ಟುನಿಟ್ಟಿನ ಪರೀಕ್ಷೆಗೆ ಒಳಪಟ್ಟಿರುತ್ತವೆ. ಬಳಕೆಯ ಕೈಪಿಡಿಯನ್ನು ಪಾಲಿಸುವಂತೆ ಕೋರುತ್ತೇವೆ. ಅರ್ಹ ಪ್ರಕರಣಗಳಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಕೈಪಿಡಿಯ ಮಾತು ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ತಪ್ಪು ನಿನ್ನದೇ ಇರಬಹುದು ಎಂದು ಗಾಯಗೊಂಡವರಿಗೆ ಊರೆದುರು ಹೇಳಿದಂತೆ. ನಾಳೆ ಅದೇ ಮುಚ್ಚಳದ ಇನ್ನೊಂದು ವಿಡಿಯೊ ಬಂದರೆ ಈ ವಾಕ್ಯವನ್ನು ಹಿಂತೆಗೆದುಕೊಳ್ಳುವುದೂ ಆಗದು. ಹಾಗಾಗಿ ಅನುಭವಿ ಮ್ಯಾನೇಜರ್ ಬರೆಯಲು ಕೂರುವ ಮೊದಲು ಮೂರು ಕಡೆ ಫೋನ್ ಮಾಡುತ್ತಾರೆ. ಕಾರ್ಖಾನೆಗೆ: ಆ ಮಾದರಿಯ ಲಾಕ್ ಒದಗಿಸುವವರು ಇತ್ತೀಚೆಗೆ ಬದಲಾದರೇ? ಸರ್ವಿಸ್ ಸೆಂಟರುಗಳಿಗೆ: ಕಳೆದ ತಿಂಗಳುಗಳಲ್ಲಿ ಇದೇ ಲಾಕ್ ಮುರಿದು ಎಷ್ಟು ಜಾರ್ ಬಂದಿವೆ? ಮೂರನೆಯದು ಆ ಗ್ರಾಹಕಿಗೇ: ಕೈ ಹೇಗಿದೆ, ಜಾರಿನ ತಳದಲ್ಲಿರುವ ಬ್ಯಾಚ್ ನಂಬರ್ ಏನು? ಮೂರನೆಯ ಫೋನ್ ಮಾಡದೆ ಬರೆದ ಉತ್ತರವನ್ನು ನಾನಂತೂ ನಂಬುವುದಿಲ್ಲ, ಏಕೆಂದರೆ ಅವರ ಮುಂದಿನ ಮಾತು “ನನಗೆ ಯಾರೂ ಫೋನೇ ಮಾಡಿಲ್ಲ” ಎಂದಾಗಿರುತ್ತದೆ.

ಸರ್ವಿಸ್ ಸೆಂಟರುಗಳ ಕಡತದಲ್ಲಿ ಅದೇ ಬ್ಯಾಚಿನ ಇನ್ನೂ ಕೆಲವು ಲಾಕ್‌ಗಳು ಸಿಕ್ಕವು ಎಂದುಕೊಳ್ಳೋಣ. ಆಗ ಉತ್ತರ ಹೀಗಿರಬೇಕು: “ನಮ್ಮ ಮಿಕ್ಸಿ ಜಾರಿನ ಮುಚ್ಚಳದ ಲಾಕ್ ಮುರಿದು ಹುಬ್ಬಳ್ಳಿಯ ಗ್ರಾಹಕರೊಬ್ಬರ ಬೆರಳಿಗೆ ಪೆಟ್ಟಾಗಿದೆ. ಅವರೊಂದಿಗೆ ಮಾತಾಡಿ ಕ್ಷಮೆ ಕೇಳಿದ್ದೇವೆ. ಇದೇ ಬ್ಯಾಚಿನ ಇನ್ನೂ ಕೆಲವು ಲಾಕ್‌ಗಳು ಮುರಿದಿರುವುದು ನಮ್ಮ ದಾಖಲೆಗಳಲ್ಲಿ ಕಂಡಿದೆ, ಕಾರಣ ಇನ್ನೂ ಗೊತ್ತಾಗಿಲ್ಲ. ನಿಮ್ಮ ಜಾರಿನ ತಳದಲ್ಲಿ ಈ ಬ್ಯಾಚ್ ನಂಬರ್ ಇದ್ದರೆ ದಯವಿಟ್ಟು ಆ ಮುಚ್ಚಳ ಬಳಸಬೇಡಿ. ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಬಿಲ್ ಇಲ್ಲದಿದ್ದರೂ ಹೊಸ ಮುಚ್ಚಳ ಕೊಡುತ್ತೇವೆ. ಪರೀಕ್ಷೆಯಲ್ಲಿ ಕಂಡದ್ದನ್ನು ಮುಂದಿನ ಶುಕ್ರವಾರ ಇಲ್ಲೇ ತಿಳಿಸುತ್ತೇವೆ.” ಕೆಳಗೆ ಬ್ಯಾಚ್ ನಂಬರ್, ಫೋನ್, ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿಯ ಹೆಸರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿರುವುದನ್ನು ಗಮನಿಸಿ. ಕಾರಣ ಊಹಿಸಿ ಬರೆದು, ವಾರದ ನಂತರ ತಿದ್ದಿಕೊಳ್ಳುವುದು ಕಂಪನಿಗೆ ಮೊದಲ ದೂರಿಗಿಂತ ದುಬಾರಿ. ದಿನ ಹೇಳಿರುವುದೂ ಅಷ್ಟೇ ಮುಖ್ಯ, ಆದರೆ ಆ ಶುಕ್ರವಾರ ಪರೀಕ್ಷೆ ಮುಗಿಯದಿದ್ದರೂ ‘ಇನ್ನೂ ಮುಗಿದಿಲ್ಲ’ ಎಂದು ಬರೆಯಲೇಬೇಕು. ‘ಬಿಲ್ ಇಲ್ಲದಿದ್ದರೂ’ ಎಂಬ ಎರಡು ಪದಕ್ಕಾಗಿ ಮ್ಯಾನೇಜರ್ ಹಣಕಾಸು ವಿಭಾಗದೊಂದಿಗೆ ಅರ್ಧ ದಿನ ವಾದಿಸಬೇಕಾದೀತು. ವಾದಿಸಬೇಕು. ಇಂಟೆಲ್‌ನ ಎರಡು ಪತ್ರಗಳ ನಡುವೆ ಇದ್ದ ವ್ಯತ್ಯಾಸ ಅದೇ.

ಕಾನೂನು ವಿಭಾಗದ ಅಂಜಿಕೆಗೂ ಒಂದು ಮಾತು ಹೇಳಬೇಕು. ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡಂತೆ, ನಾಳೆ ಆಯೋಗದ ಮುಂದೆ ಅದೇ ಸಾಕ್ಷಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಗಾರಿಕೆಗೇ ಒಂದು ಅಧ್ಯಾಯ ಮೀಸಲಿಟ್ಟಿದೆ. ತಯಾರಿಕೆಯಲ್ಲಿ ದೋಷವಿತ್ತೇ, ವಿನ್ಯಾಸದಲ್ಲಿ ದೋಷವಿತ್ತೇ, ಕೊಟ್ಟ ಖಾತರಿಗೆ ತಕ್ಕಂತೆ ಇರಲಿಲ್ಲವೇ, ಸರಿಯಾದ ಸೂಚನೆ ಎಚ್ಚರಿಕೆ ಕೊಟ್ಟಿರಲಿಲ್ಲವೇ ಎಂಬ ಪ್ರಶ್ನೆಗಳ ಮೇಲೆ ತಯಾರಕನ ಹೊಣೆ ನಿಲ್ಲುತ್ತದೆ. ಪತ್ರದಲ್ಲಿ ‘ಕ್ಷಮಿಸಿ’ ಇಲ್ಲದ ಮಾತ್ರಕ್ಕೆ ಮುರಿದ ಲಾಕ್ ಗಟ್ಟಿಯಾಗುವುದಿಲ್ಲ. ವಕೀಲರು ಹುಷಾರಾಗಿರಬೇಕಾದದ್ದು ಪರೀಕ್ಷೆಗೆ ಮೊದಲೇ ಕಾರಣ ಘೋಷಿಸುವ ವಾಕ್ಯದ ಬಗ್ಗೆ, ಗ್ರಾಹಕಿಯ ಮೇಲೆ ತಪ್ಪು ಹೊರಿಸುವ ವಾಕ್ಯದ ಬಗ್ಗೆ. ನೊಂದವರ ಬೆರಳು ವಿಚಾರಿಸುವ ವಾಕ್ಯಕ್ಕೆ ಅವರು ಅಂಜಬೇಕಿಲ್ಲ.

ಎಲ್ಲ ವೈರಲ್ ದೂರೂ ನಿಜವಿರುವುದಿಲ್ಲ ಎಂಬುದನ್ನೂ ಒಪ್ಪಬೇಕು. ನಕಲಿ ಮಾಲು, ಬೇರೆ ಕಂಪನಿಯ ಮುಚ್ಚಳ, ಹಣಕ್ಕಾಗಿ ಹಾಕಿದ ವಿಡಿಯೊ ಎಲ್ಲವೂ ಇವೆ. ಅಂಥಲ್ಲಿ ಕಂಪನಿ ಮಾಡಬಹುದಾದದ್ದು, ಇಷ್ಟು ಗಂಟೆಗೆ ದೂರು ನೋಡಿದೆವು, ಇಂಥ ಹೊತ್ತಿಗೆ ಮಾತಾಡಿದೆವು, ವಸ್ತುವನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸೋಣ ಎಂದೆವು ಎಂದು ನಡೆದದ್ದನ್ನು ಸಮಯಸಹಿತ ಬರೆಯುವುದು. ದೂರಿದವರ ಉದ್ದೇಶದ ಬಗ್ಗೆ ಒಂದಕ್ಷರ ಬರೆಯಬಾರದು.

ಈಗ ದೂರು ಕೊಡುವ ಕಡೆಯವರಿಗೆ. ಮುಂದಿನ ಸಲ ಕಂಪನಿಯೊಂದರ ಸಾರ್ವಜನಿಕ ಉತ್ತರ ಓದುವಾಗ ವಿಷಾದದ ವಾಕ್ಯವನ್ನು ದಾಟಿ ಪರಿಹಾರದ ವಾಕ್ಯಕ್ಕೆ ಹೋಗಿ. ಬದಲಿ ಸಿಗುವುದು ನೀವು ಕೇಳಿದರೆಯೋ, ಅವರಿಗೆ ಒಪ್ಪಿಗೆಯಾದರೆಯೋ ನೋಡಿ. ನೀವೇ ದೂರುವುದಾದರೆ ಮುರಿದ ವಸ್ತುವನ್ನು ಎಸೆಯಬೇಡಿ, ತೊಳೆಯಬೇಡಿ. ಬ್ಯಾಚ್ ನಂಬರ್ ಮತ್ತು ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ, ಪರೀಕ್ಷೆಗೆ ಕೊಡುವಾಗ ರಸೀದಿ ಪಡೆಯಿರಿ. ಕಂಪನಿ ಸುಮ್ಮನಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಅದಕ್ಕೆ ಕರೆ ಮಾಡಲು ನಿಮ್ಮ ವಿಡಿಯೊ ವೈರಲ್ ಆಗಬೇಕಿಲ್ಲ.